ಬೇಡಿದ ಮಾತಿನಲ್ಲೇ ಇರುವ ಬೆಲೆ

ದಾವಣಗೆರೆ

ಚಿ. ತಮ್ಮನಿಗೆ ಆಶೀರ್ವಾದಗಳು.

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಚಂದ್ರವಳ್ಳಿಯ ಗುಹೆಯಲ್ಲಿ ಸಿದ್ಧನೊಬ್ಬನಿಂದ ಅಮರತ್ವ ಪಡೆದ ನಿನ್ನ ನಾಯಕನನ್ನು, ಕೊನೆಯ ಪುಟದಲ್ಲಿ ಎಲ್ಲಿಂದಲೋ ಬಂದ ಮುನಿಯೊಬ್ಬ ಶಪಿಸಿ ಹೋಗುತ್ತಾನೆ. ಆ ಪುಟವನ್ನು ಹರಿದು ತೆಗೆದರೂ ಕಥೆಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಅಲ್ಲಿಯೇ. ಪುರಾಣಗಳಲ್ಲಿ ಅಮರತ್ವದ ಬೆಲೆ ಹೀಗೆ ಹೊರಗಿನಿಂದ ಬರುವುದು ಕಡಿಮೆ. ಬಹಳ ಸಲ ಅದು ವರ ಬೇಡಿದವನ ಮಾತಿನಲ್ಲೇ ಕುಳಿತಿರುತ್ತದೆ.

ದೂರ ಹೋಗುವುದು ಬೇಡ, ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹರಿಹರಕ್ಕೆ ಒಮ್ಮೆ ಹೋಗಿ ಬಾ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿ ಅಲ್ಲಿದೆ. ಗರ್ಭಗುಡಿಯಲ್ಲಿರುವುದು ಒಂದೇ ಮೂರ್ತಿ. ಬಲಭಾಗ ಶಿವ, ಎಡಭಾಗ ವಿಷ್ಣು. ಸ್ಥಳಪುರಾಣದ ಪ್ರಕಾರ ಗುಹಾಸುರನೆಂಬವನು ಬ್ರಹ್ಮನನ್ನು ಮೆಚ್ಚಿಸಿ, ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ಬೇಡಿಕೊಂಡ. ಅವನ ಉಪಟಳ ಮಿತಿಮೀರಿದಾಗ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಇಲ್ಲಿ ಬ್ರಹ್ಮ ಮಾತಿಗೆ ತಪ್ಪಲಿಲ್ಲ, ಯಾರೂ ಶಾಪ ಕೊಡಲಿಲ್ಲ. ಕೊಂದವನು ಹರಿಯೂ ಅಲ್ಲ, ಹರನೂ ಅಲ್ಲ, ಅಷ್ಟೇ. ಇವರಿಬ್ಬರೂ ಎಂದೆಂದಿಗೂ ಬೇರೆಬೇರೆ ಎಂದು ಗುಹಾಸುರ ನಂಬಿದ್ದನಲ್ಲ, ಆ ನಂಬಿಕೆಯೇ ಅವನಿಗೆ ಮೃತ್ಯುವಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಶೈವ ವೈಷ್ಣವರ ತಕರಾರು ಕಂಡ ನಾಡಿನಲ್ಲಿ ಆ ಲೆಕ್ಕ ದಡ್ಡತನದ್ದೇನೂ ಆಗಿರಲಿಲ್ಲ.

ಅಸುರರು ಹೀಗೆ ಸುತ್ತಿಬಳಸಿ ಕೇಳುವುದಕ್ಕೂ ಕಾರಣವಿದೆ. ಬ್ರಹ್ಮನಿಗೇ ಅವನ ಮಾನದಲ್ಲಿ ನೂರು ವರ್ಷದ ಆಯಸ್ಸು. ತನ್ನಲ್ಲಿ ಇಲ್ಲದ್ದನ್ನು ಅವನು ಕೊಡುವುದಾದರೂ ಹೇಗೆ? ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾವಣ ಮೊದಲು ನೇರವಾಗಿ ಅಮರತ್ವವನ್ನೇ ಕೇಳುತ್ತಾನೆ, ಬ್ರಹ್ಮ ಅದಾಗದು ಎನ್ನುತ್ತಾನೆ. ಆಗ ರಾವಣ ಪಟ್ಟಿ ಹಾಕುತ್ತಾನೆ: ಗರುಡರು, ನಾಗರು, ಯಕ್ಷರು, ದೈತ್ಯರು, ದಾನವರು, ರಾಕ್ಷಸರು, ದೇವತೆಗಳು, ಇವರಾರಿಂದಲೂ ಸಾವು ಬೇಡ. ಅಲ್ಲಿಗೇ ನಿಲ್ಲಿಸಿದ್ದರೆ ಮರೆತ ಎನ್ನಬಹುದಿತ್ತು. ಆದರೆ ಮನುಷ್ಯರೇ ಮೊದಲಾದ ಪ್ರಾಣಿಗಳು ತನಗೆ ಹುಲ್ಲಿಗೆ ಸಮಾನ ಎಂದು ಬಾಯಿಬಿಟ್ಟು ಹೇಳುತ್ತಾನೆ. ಹೆಸರು ಹೇಳಿದವರೆಲ್ಲ ಅವನು ಲೆಕ್ಕಕ್ಕೆ ತೆಗೆದುಕೊಂಡವರು, ಬಿಟ್ಟವರು ತಾತ್ಸಾರಕ್ಕೆ ಗುರಿಯಾದವರು. ಯುದ್ಧಕಾಂಡದ ಬಾಣ ಹೊರಟದ್ದು ಆ ಹುಲ್ಲಿನಿಂದಲೇ. ಓದುಗ ಹಿಂದಿರುಗಿ ನೋಡಿದರೆ ಸಾವು ಮೊದಲೇ ಅಲ್ಲಿ ಕಾಣಬೇಕು, ಆದರೆ ಮೊದಲ ಓದಿನಲ್ಲಿ ಕಣ್ಣಿಗೆ ಬೀಳಬಾರದು. ನಿನ್ನ ಮುನಿಯ ಶಾಪವನ್ನು ಇದರ ಪಕ್ಕದಲ್ಲಿಟ್ಟು ನೋಡು.

ಹಾಗಾದರೆ ಅಶ್ವತ್ಥಾಮನಿಗೆ ಶಾಪ ಹೊರಗಿನಿಂದಲೇ ಬಂತಲ್ಲ ಎಂದು ನೀನು ಕೇಳುತ್ತೀಯ. ಹೌದು, ಬಂತು. ಅವನು ಬೇಡಿರಲೂ ಇಲ್ಲ. ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದು, ಉತ್ತರೆಯ ಗರ್ಭಕ್ಕೂ ಅಸ್ತ್ರ ಬಿಟ್ಟವನಿಗೆ ಕೃಷ್ಣ ಸೌಪ್ತಿಕಪರ್ವದಲ್ಲಿ ವಿಧಿಸುವುದು ಮೂರು ಸಾವಿರ ವರ್ಷಗಳ ಅಲೆದಾಟ. ಅದನ್ನು ಎಂದೆಂದಿಗೂ ಎಂದು ಹಿಗ್ಗಿಸಿದ್ದು ಜನರ ಬಾಯಿ. ಮೈಯಿಂದ ಕೀವು ರಕ್ತದ ನಾತ, ಕಾಡಿನ ವಾಸ ಎಲ್ಲವನ್ನೂ ನಾವು ನೆನಪಿಟ್ಟುಕೊಂಡಿದ್ದೇವೆ. ಆ ಶ್ಲೋಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಇನ್ನೊಂದು: ಯಾರೊಬ್ಬರೊಡನೆಯೂ ಅವನಿಗೆ ಮಾತುಕತೆ ಇರುವುದಿಲ್ಲ. ಪರರ ವಂಶವನ್ನೇ ಕೊನೆಗಾಣಿಸಲು ಹೊರಟವನಿಗೆ ಆಡುವ ಮಾತಿಗೂ ಜನವಿಲ್ಲ. ಶಾಪ ಹೊರಗಿನದ್ದಾದರೂ ಅದರ ಅಳತೆ ಅವನ ಕೃತ್ಯದ್ದೇ. ಇಂಥವನನ್ನೂ ಸೇರಿಸಿ ಏಳು ಚಿರಂಜೀವಿಗಳೆಂದು ಎಣಿಸುವ ನಾವು, ಲಗ್ನಪತ್ರಿಕೆಯಲ್ಲಿ ಪ್ರತಿ ವರನ ಹೆಸರಿನ ಹಿಂದೆಯೂ ಧಾರಾಳವಾಗಿ ‘ಚಿ.’ ಹಾಕುತ್ತೇವೆ. ನಿನಗೂ ಹಾಕಿದ್ದೇನೆ, ಬೇಸರಿಸಬೇಡ.

ಬೇಡಿ ಪಡೆದವರಲ್ಲಿ ಹನುಮಂತನದು ಬೇರೆಯೇ ಬಗೆ. ರಾಮಕಥೆ ಭೂಮಿಯ ಮೇಲೆ ನಡೆಯುವ ತನಕ ತನ್ನ ಪ್ರಾಣ ದೇಹದಲ್ಲಿರಲಿ ಎಂದು ಅವನು ಕೇಳುತ್ತಾನೆ. ಅಲ್ಲಿ ಗರ್ವವಿಲ್ಲ, ಬಿಟ್ಟುಹೋದ ಹೆಸರೂ ಇಲ್ಲ. ಆದರೂ ರಾಮ ಸರಯೂ ನದಿಗೆ ಇಳಿದಾಗ ಇವನು ದಡದ ಈಚೆ ಉಳಿಯಬೇಕಾಗುತ್ತದೆ. ಕಥೆ ಉಳಿಯಿತು, ಕಥೆಯ ಒಡೆಯ ಹೊರಟುಹೋದ.

ಈಗ ನಿನ್ನ ಮೂರನೆಯ ಪುಟಕ್ಕೆ ಬರೋಣ. ‘ಅವನು ಅಮರತ್ವವನ್ನು ಬೇಡಿದನು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಯಾವ ಶಬ್ದಗಳಲ್ಲಿ ಬೇಡಿದ? ಅದಕ್ಕಿಂತ ನಾಲ್ಕು ಸಾಲು ಮೇಲೆ, ಗುಹೆಯ ಬಾಯಲ್ಲಿ ಅವನ ಹೆಂಡತಿ ರೊಟ್ಟಿಯ ಬುತ್ತಿ ಹಿಡಿದು ನಿಂತಿದ್ದಾಳೆ, ಅವನು ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ನೀನೇ ಬರೆದು ನೀನೇ ಮರೆತಿದ್ದೀಯ. ಮುನಿಯನ್ನು ಮನೆಗೆ ಕಳುಹಿಸಿ, ಆ ಬೇಡಿಕೆಯನ್ನು ಅವಳು ನಿಂತಲ್ಲಿಗೆ ಕೇಳಿಸುವಂತೆ ಅವನ ಬಾಯಿಂದ ಪೂರ್ತಿ ಹೇಳಿಸು. ಬರೆದ ಮೇಲೆ ಆ ಒಂದು ಪುಟವನ್ನಷ್ಟೇ ಕಳುಹಿಸಿದರೆ ಸಾಕು.

ಇಂತಿ,
ನಿನ್ನ ಹಿತೈಷಿ