ಕೆರೆ ದಂಡೆಯ ಒಂಬತ್ತು ತಾಸು

ಆಳಂದ
ಆಷಾಢದ ಕೊನೆಯ ವಾರ

ಪ್ರೀತಿಯ ಮಗಳಿಗೆ ನಿನ್ನ ಚಿಗವ್ವ ಮಾಡುವ ಆಶೀರ್ವಾದಗಳು.

ಮೊನ್ನೆ ನೀನು ಬಸ್ಸು ಹತ್ತಿ ಹೋದ ಮೇಲೂ ನಿನ್ನ ಮಾತು ಕಿವಿಯಲ್ಲೇ ಇದೆ. ಅವತ್ತು ನೀನು ರೊಟ್ಟಿ ಮುರಿಯುತ್ತಾ ಸುಮ್ನೆ ಕೂತಿದ್ದೆ. ಏನಾಯ್ತು ಅಂತ ಕೇಳಿದ್ದಕ್ಕೆ ಫೋನ್ ತೆಗೆದು ನನ್ನ ಮುಂದೆ ಇಟ್ಟೆ. ನಿನ್ನ ಮೆಸೇಜುಗಳು ನಾಲ್ಕು ನಾಲ್ಕು ಸಾಲು. ಪ್ರೀತಿಯಲ್ಲಿ ಬಿದ್ದ ಮೇಲೆ ನಿನ್ನ ಗೆಳತಿಯದು, "ಹೂಂ", "ಆಮ್ಯಾಲ ಮಾಡ್ತೀನಿ", "ಸಾರಿ ಲೇ, ನಿನ್ನೆ ನೋಡೇ ಇಲ್ಲ". ಅಷ್ಟೇ. ಕಣ್ಣು ಒರೆಸಿಕೊಂಡು ನೀನೇ ಅಂದೆ, "ಬಿಡು ಚಿಗವ್ವ, ಯಾರೂ ಸತ್ತಿಲ್ಲ, ಯಾರ ಮನೆಯೂ ಮುರಿದಿಲ್ಲ, ಇದಕ್ಕ್ಯಾಕ ಅಳಬೇಕು?"

ಆ ಮಾತಿಗೆ ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಅಡುಗೆಮನೆಯಲ್ಲಿ ನಿನ್ನ ಕಾಕಾ ಇದ್ದರು, ಪಕ್ಕದ ಮನೆಯವರು ಬಂದರು. ಅದಕ್ಕೇ ಈ ಪತ್ರ.

ಅಳಬೇಕು ಮಗಳೇ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಟ್ಟವಳು ನಾನು. ಕೆನ್ನೆತ್ ಡೋಕಾ ಅನ್ನುವ ಅಮೆರಿಕದ ವಿದ್ವಾಂಸರು 1989ರಲ್ಲಿ ಇಂಥ ದುಃಖಕ್ಕೇ ಒಂದು ಹೆಸರು ಕೊಟ್ಟರು. ನಾಲ್ಕು ಜನ ಒಪ್ಪದ ದುಃಖ ಅಂತ ಅದರ ಅರ್ಥ. ಸಾವಾದರೆ ಮೂರನೇ ದಿನ ಇದೆ, ಹನ್ನೊಂದನೇ ದಿನ ಇದೆ, ಬಂದು ಕೂಡುವವರಿದ್ದಾರೆ. ಗೆಳತಿ ದೂರ ಸರಿದರೆ ಯಾರೂ ಮಾತಾಡಿಸಲು ಬರುವುದಿಲ್ಲ. ಮೇಲಾಗಿ ಅವಳು ಖುಷಿಯಾಗಿದ್ದಾಳೆ, ನೀನೂ ಖುಷಿಪಡಬೇಕು ಅಂತಾರೆ. ನೀನು ಖುಷಿಪಟ್ಟಿದ್ದೀ, ಅದೂ ನಿಜ. ಎರಡೂ ಒಟ್ಟಿಗೆ ಇರುವುದಕ್ಕೇ ನಿನಗೆ ಇಷ್ಟು ಸುಸ್ತಾಗುತ್ತಿರುವುದು.

ಈಗ ಒಂದು ಲೆಕ್ಕ ಹಾಕೋಣ. ಭಾವನೆಯ ವಿಷಯಕ್ಕೆ ಲೆಕ್ಕ ಯಾಕೆ ಅನ್ನಬೇಡ. ನಿನ್ನ ನೋವಿನ ಮೂಲ ಅಲ್ಲೇ ಇದೆ.

ಆರು ವರ್ಷ ನೀವಿಬ್ಬರೂ ಕಲಬುರಗಿಯಲ್ಲಿ ಒಂದೇ ಆಫೀಸು. ಸಂಜೆ ಆರಕ್ಕೆ ಬಿಟ್ಟರೆ ಸೀದಾ ಅಪ್ಪನ ಕೆರೆ. ದಿನಾ ಒಂದು ತಾಸು ದಂಡೆಯ ಮೇಲೆ ನಡಿಗೆ, ವಾರಕ್ಕೆ ಐದು ದಿನ. ಭಾನುವಾರ ಸೂಪರ್ ಮಾರ್ಕೆಟ್ ಸುತ್ತಿ, ಸುಸಲಾ ಮಿರ್ಚಿ ತಿಂದು, ರೂಮಿಗೆ ಬಂದು ಮಲಗಿ ಹರಟುವುದು, ನಾಲ್ಕು ತಾಸು. ಒಟ್ಟು ವಾರಕ್ಕೆ ಒಂಬತ್ತು ತಾಸು. ಈಗ ಅವಳ ಹುಡುಗ ಹೈದರಾಬಾದಿನಲ್ಲಿದ್ದಾನೆ. ಅವನಿಗೂ ಕೆಲಸ ಬಿಡುವುದು ಆರಕ್ಕೇ. ದಿನಾ ಸಂಜೆ ಅವನ ಫೋನು ಬರುತ್ತದೆ, ಭಾನುವಾರ ರೈಲು ಹಿಡಿದು ಅವನೇ ಬರುತ್ತಾನೆ. ನೋಡು, ಅವಳು ನಿನ್ನಿಂದ ಪ್ರೀತಿಯನ್ನು ಕಿತ್ತುಕೊಂಡು ಅವನಿಗೆ ಕೊಟ್ಟಿಲ್ಲ. ಅವಳ ವಾರದಲ್ಲಿ ಖಾಲಿ ಇದ್ದ ತಾಸು ಅವೇ ಒಂಬತ್ತು. ಅವನಿಗೆ ಕೊಡಲು ಅವಳ ಹತ್ತಿರ ಬೇರೆ ತಾಸು ಇರಲಿಲ್ಲ.

ಇದು ನಿನ್ನ ಗೆಳತಿಯೊಬ್ಬಳ ಕತೆಯಲ್ಲ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಅನ್ನುವವರು 2010ರಲ್ಲಿ ಒಂದು ಸಂಗತಿ ಹೇಳಿದರು. ಒಬ್ಬ ಮನುಷ್ಯನಿಗೆ ತೀರಾ ಹತ್ತಿರದವರು ಅಂತ ಸಾಮಾನ್ಯವಾಗಿ ಐದು ಮಂದಿ ಇರುತ್ತಾರೆ. ಪ್ರೀತಿಯಲ್ಲಿ ಬಿದ್ದವರಿಗೆ ಅದು ನಾಲ್ಕಕ್ಕೆ ಇಳಿದಿತ್ತು. ಆ ನಾಲ್ವರಲ್ಲಿ ಒಬ್ಬರು ಹೊಸಬರು. ಅಂದರೆ ಹಳೆಯವರಲ್ಲಿ ಇಬ್ಬರು ಹೊರಗೆ ಸರಿದರು. ಹತ್ತಿರ ಇರುವುದಕ್ಕೆ ಸಮಯ ಬೇಕು, ಸಮಯ ಸಿಗದಿದ್ದರೆ ಸಲಿಗೆ ತಾನಾಗಿ ಸಡಿಲಾಗುತ್ತದೆ ಅನ್ನುವುದೇ ಅವರು ಕೊಟ್ಟ ಕಾರಣ. ಜಗಳ ಬೇಕಿಲ್ಲ, ದ್ರೋಹ ಬೇಕಿಲ್ಲ.

ಹಾಗಂತ ಕೈಕಟ್ಟಿ ಕೂಡು ಅಂತಿಲ್ಲ. ನಾನು ಕೈಕಟ್ಟಿ ಕೂತು ಏನು ಕಳೆದುಕೊಂಡೆ ಅಂತ ಇವತ್ತು ಹೇಳುತ್ತೇನೆ. ನಿನ್ನ ಅವ್ವನಿಗೆ ಮಾತ್ರ ಗೊತ್ತು.

ನಾನು ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನಗೊಬ್ಬಳು ಗೆಳತಿ ಇದ್ದಳು. ಒಂದೇ ಕೋಣೆ, ಒಂದೇ ಟ್ರಂಕು. ಕಡೆಯ ವರ್ಷ ಅವಳಿಗೆ ಮದುವೆ ಗೊತ್ತಾಯಿತು. ಹುಡುಗನ ಪತ್ರ ಬಂದರೆ ಮೇಲಿನ ಮಹಡಿಗೆ ಹೋಗಿ ಓದುತ್ತಿದ್ದಳು. ಮದುವೆಯಾಗಿ ಹೋದ ಮೇಲೆ ನಾನು ಮೂರು ಪತ್ರ ಬರೆದೆ, ಅವಳಿಂದ ಒಂದು ಬಂತು. ನಾಲ್ಕನೆಯದರಲ್ಲಿ ಬರೆದೆ, "ನಿನ್ನ ಗಂಡ ನಿನ್ನನ್ನು ಪೂರಾ ಬದಲಾಯಿಸಿಬಿಟ್ಟ. ಇನ್ನು ನಾನಾಗಿ ಬರೆಯುವುದಿಲ್ಲ. ಬೇಕಾದರೆ ನೀನೇ ಬರಿ." ಅದು ಪರೀಕ್ಷೆ. ಅವಳು ಬರೆಯಲಿಲ್ಲ. ಹನ್ನೊಂದು ವರ್ಷ ಮಾತಿಲ್ಲ.

ಆಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ಸಿಕ್ಕಳು. ಹೋಳಿ ಹುಣ್ಣಿಮೆಯಾದ ಐದನೇ ದಿನ, ತೇರು ಎಳೆಯುತ್ತಿದ್ದರು. ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದರು. ಯಾರೋ ಹಿಂದಿನಿಂದ ನನ್ನ ಮೊಣಕೈ ಹಿಡಿದರು. ತಿರುಗಿದರೆ ಅವಳು. ಕೈಯಲ್ಲಿ ಉತ್ತತ್ತಿ ಹಾಗೇ ಇತ್ತು, ಎಸೆಯುವುದನ್ನೇ ಮರೆತಿದ್ದಳು. ಅವತ್ತು ಅವಳು ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. "ನಿನ್ನ ಮೊದಲನೇ ಪತ್ರಕ್ಕ ಉತ್ತರ ಬರೀಲಿಕ್ಕ ತಡಾ ಆಯ್ತು. ಎರಡನೇದು ಬಂದಾಗ ಎರಡಕ್ಕೂ ಸೇರಿಸಿ ದೊಡ್ಡದು ಬರೀಬೇಕು ಅನಿಸ್ತು. ಮೂರನೇದಕ್ಕ ಒಂದು ಸಣ್ಣದು ಬರ್ದೆ, ಸಮಾಧಾನ ಆಗ್ಲಿಲ್ಲ. ನಾಲ್ಕನೇದು ಓದಿ ನಾಚಿಕಿ ಆಯ್ತು. ದಿನಾ ನೆನಸ್ತಿದ್ದೆ, ದಿನಾ ಕಷ್ಟ ಆಗ್ತಿತ್ತು." ಅವಳ ಮನಸ್ಸಿನಲ್ಲಿ ಅದೊಂದು ಸಾಲದ ಹಾಗೆ ಬೆಳೆದಿತ್ತು. ನಾನು ಪ್ರತಿ ಪತ್ರದಲ್ಲೂ ಬಡ್ಡಿ ಏರಿಸುತ್ತಿದ್ದೆ. ನನಗೆ ಅದು ತಿಳಿದಿರಲಿಲ್ಲ.

ನಿನ್ನ ಫೋನಿನಲ್ಲಿ ನಾನು ನೋಡಿದ್ದು ಅದನ್ನೇ. "ನೀನು ಮೊದಲಿನಂಗ ಇಲ್ಲ" ಅಂತ ಒಂದು ತಿಂಗಳಲ್ಲಿ ಮೂರು ಸಲ ಬರೆದಿದ್ದೀ. ಆ ಮಾತಿಗೆ ಅವಳು ಏನಂತ ಉತ್ತರ ಕೊಡಬೇಕು ಹೇಳು? ಹೌದು ಅಂದರೆ ತಪ್ಪು, ಇಲ್ಲ ಅಂದರೆ ಸುಳ್ಳು. ಅದಕ್ಕೇ "ಹೂಂ". ಇನ್ನೊಂದು, ಮೇ ತಿಂಗಳಲ್ಲಿ ಹದಿನೆಂಟು ದಿನ ನೀನು ಬೇಕಂತಲೇ ಸುಮ್ಮನಿದ್ದೆ ಅಂದೆಯಲ್ಲ, ಅವಳೇ ಮಾಡುತ್ತಾಳಾ ನೋಡೋಣ ಅಂತ. ಪರೀಕ್ಷೆ ನಡೆಯುತ್ತಿದೆ ಅಂತಲೇ ಅವಳಿಗೆ ಗೊತ್ತಿಲ್ಲ. ನಿನಗೆ ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿರುತ್ತಾಳೆ. ಅವೆರಡನ್ನೂ ಬಿಟ್ಟುಬಿಡು. ಆ ಹುಡುಗನ ಬಗ್ಗೆ ಕೆಟ್ಟ ಮಾತು ಮಾತ್ರ ಎಂದಿಗೂ ಆಡಬೇಡ. ನಾನು ಆಡಿ ಅನುಭವಿಸಿದ್ದೇನೆ.

ಬದಲಿಗೆ ಹೀಗೆ ಮಾಡು. ಒಂಬತ್ತು ತಾಸು ವಾಪಸ್ ಕೇಳಬೇಡ, ಅವು ಇಲ್ಲ. ಒಂದೂವರೆ ತಾಸು ಕೇಳು. ಸಂಜೆ ಬೇಡ, ಸಂಜೆ ಈಗ ಅವನದು. ಹದಿನೈದು ದಿನಕ್ಕೊಮ್ಮೆ, ಶನಿವಾರ ಮುಂಜಾನೆ ಆರರಿಂದ ಏಳೂವರೆ, ಅದೇ ಕೆರೆ ದಂಡೆ. ಆ ಹೊತ್ತಿಗೆ ಅವನ ಫೋನೂ ಬರುವುದಿಲ್ಲ, ರೈಲೂ ಬರುವುದಿಲ್ಲ. ದಿನ, ಹೊತ್ತು, ಜಾಗ, ಮೂರನ್ನೂ ಹೇಳಿ ಕೇಳು. "ಯಾವಾಗಾದರೂ ಸಿಗೋಣ" ಅನ್ನುವುದು ಯಾವತ್ತೂ ಆಗುವುದಿಲ್ಲ. ನಿನ್ನ ಮಾತಿನಲ್ಲೇ ಬರಿ, "ನೀ ಇಲ್ದ ಕೆರೀಗಿ ಹೋದ್ರ ಬ್ಯಾಸರ ಆಗ್ತದ. ಈ ಶನಿವಾರ ಮುಂಜಾನೆ ಆರಕ್ಕ ಬರ್ತೀಯಾ?" ಇದರಲ್ಲಿ ನಿನ್ನ ನೋವು ಪೂರಾ ಇದೆ, ಅವಳ ತಪ್ಪು ಒಂದೂ ಇಲ್ಲ.

ನಡುವೆ ಉತ್ತರ ಬೇಡದ ಸಣ್ಣ ಮೆಸೇಜು ಕಳಿಸು. ಸುಸಲಾದ ಬಂಡಿಯವನು ಜಾಗ ಬದಲಿಸಿದ್ದಾನೆ ಅಂತ ಒಂದು ಫೋಟೋ. ಕೆಳಗೆ ಪ್ರಶ್ನೆ ಹಾಕಬೇಡ. ಸಾಲ ಏರದಂತೆ ನೋಡಿಕೊಳ್ಳುವುದು ಅಂದರೆ ಅಷ್ಟೇ.

ಬರುತ್ತಾಳೋ ಇಲ್ಲವೋ ನನಗೂ ಗೊತ್ತಿಲ್ಲ. "ಈ ಶನಿವಾರ ಆಗಲ್ಲ, ಮುಂದಿನ ವಾರ?" ಅಂದರೆ ಗೆಳೆತನ ಜೀವಂತ ಇದೆ ಅಂತ ತಿಳಿ, ಎಷ್ಟೇ ತಡವಾಗಲಿ. ತಾನಾಗಿ ಇನ್ನೊಂದು ದಿನ ಹೇಳುತ್ತಾಳಾ, ಅದನ್ನು ನೋಡು. ಮೂರು ತಿಂಗಳಲ್ಲಿ ಮೂರು ಸಲ ಕರೆದು, ಮೂರು ಸಲವೂ ಬರಿ "ಆಗಲ್ಲ" ಬಂದರೆ ಕರೆಯುವುದನ್ನು ನಿಲ್ಲಿಸು. ಬಾಗಿಲು ಹಾಕಬೇಡ, ಬಾಗಿಲಲ್ಲಿ ನಿಂತು ಕಾಯುವುದನ್ನು ಬಿಡು. ಅವಳ ಸ್ಟೇಟಸ್ ದಿನಾ ರಾತ್ರಿ ನೋಡುವುದನ್ನೂ ಬಿಡು, ಅದು ಗಾಯ ಕೆರೆದ ಹಾಗೆ.

ಒಂದು ವಿಷಯಕ್ಕೆ ಮಾತ್ರ ಎಚ್ಚರ ಇರಲಿ. ಅವಳು ನಿನ್ನೊಬ್ಬಳಿಂದ ದೂರವಾಗಿ ತನ್ನ ಅವ್ವ, ತಮ್ಮ, ಆಫೀಸಿನವರ ಜೊತೆ ಮೊದಲಿನ ಹಾಗೇ ಇದ್ದರೆ ಅದು ನಾನು ಮೇಲೆ ಹೇಳಿದ ತಾಸಿನ ಲೆಕ್ಕ. ಎಲ್ಲರಿಂದಲೂ ದೂರವಾದರೆ, ಫೋನ್ ಬಂದಾಗ ಮುಖ ಬಾಡಿದರೆ, ಎಲ್ಲಿದ್ದೀನಿ ಅಂತ ಅವನಿಗೆ ಫೋಟೋ ಕಳಿಸಬೇಕಾದರೆ, ಪಾಸ್‌ವರ್ಡು ಸಂಬಳ ಅವನ ಕೈಯಲ್ಲಿದ್ದರೆ, ಅದು ಬೇರೆ. ಆಗ ಮೂರು ಸಲದ ಲೆಕ್ಕ ಇಟ್ಟುಕೊಳ್ಳಬೇಡ, ಹತ್ತಿರವೇ ಇರು. "ಬಿಟ್ಟುಬಿಡು ಅವನ್ನ" ಅಂತ ಒತ್ತಾಯಿಸಬೇಡ, "ಯಾವಾಗ ಬೇಕಾದರೂ ನನ್ನ ರೂಮಿಗೆ ಬಾ" ಅಂತ ಹೇಳಿಡು. ಮಹಿಳಾ ಸಹಾಯವಾಣಿ 181 ಅವಳಿಗೆ ಗೊತ್ತಿರಲಿ. ನೀನು ಹೇಳಿದ್ದನ್ನು ಕೇಳಿದರೆ ಇಲ್ಲಿ ಹಾಗೇನೂ ಕಾಣುವುದಿಲ್ಲ. ಆದರೂ ಬರೆದಿದ್ದೇನೆ.

ಇನ್ನು ಸಂಜೆ ಆರರ ಮಾತು. ಅದೇ ಹೊತ್ತಿಗೆ ಎದೆ ಭಾರ ಆಗುತ್ತದೆ ಅಂದೆ. ಆಗದೆ ಏನು? ಆರು ವರ್ಷ ಆ ಹೊತ್ತಿಗೆ ಕಾಲು ತಾನಾಗಿ ಕೆರೆ ಕಡೆ ತಿರುಗುತ್ತಿತ್ತು. ಆ ತಾಸನ್ನು ರೂಮಿನಲ್ಲಿ ಕಳೆಯಬೇಡ. ನಿನ್ನ ಪಕ್ಕದ ಟೇಬಲಿನ ಸೇಡಂ ಹುಡುಗಿ ಎರಡು ಸಲ ಚಹಾಕ್ಕೆ ಕರೆದಳು, ಹೋಗಲಿಲ್ಲ ಅಂದೆ. ಹೋಗು. ಅವಳು ಇವಳಾಗುವುದಿಲ್ಲ, ಆಗಲಿ ಅಂತಲೂ ಬಯಸಬೇಡ. ಜೆಫ್ರಿ ಹಾಲ್ ಅನ್ನುವ ಅಮೆರಿಕದ ಸಂಶೋಧಕರ ಲೆಕ್ಕದಲ್ಲಿ ಪರಿಚಯದವರು ಆಪ್ತರಾಗಲು ಇನ್ನೂರು ತಾಸಿಗಿಂತ ಜಾಸ್ತಿ ಒಟ್ಟಿಗೆ ಕಳೆಯಬೇಕು. ನಿಮ್ಮಿಬ್ಬರದು ಎರಡೂವರೆ ಸಾವಿರ ದಾಟಿತ್ತು. ಅಷ್ಟು ಕಟ್ಟಿದ್ದು ಸಡಿಲಾದರೆ ಏಳೇ ತಿಂಗಳಲ್ಲಿ ಸಮಾಧಾನ ಆಗಲಿಲ್ಲ ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಬ್ಬಳೇ ಬಂದಾಗ, ಅವಳ ಪಾಲಿನ ಸಜ್ಜೆ ರೊಟ್ಟಿ, ಭಜ್ಜಿ ಡಬ್ಬಿಗೆ ಹಾಕಿ ಕೊಟ್ಟಿದ್ದೆ. ಅದು ನಿನ್ನ ರೂಮಿನಲ್ಲೇ ಹಳಸಿತು ಅಂತ ಮೊನ್ನೆ ಹೇಳಿದೆ. ಪಂಚಮಿಗೆ ಉಂಡಿ ಕಟ್ಟುತ್ತಿದ್ದೇನೆ. ಉಂಡಿ ಬೇಗ ಕೆಡುವುದಿಲ್ಲ. ಅವಳಿಗೆ ನೀನು ಕೊಡಬೇಕಂತೇನಿಲ್ಲ, ಚಿಗವ್ವ ಕರೆದಿದ್ದಾಳೆ ಅಂತ ಒಂದು ಮಾತು ಹಾಕು. ಬಂದರೆ ಬರಲಿ, ಬರದಿದ್ದರೆ ನಾವಿಬ್ಬರು. ನಿನ್ನ ಕಾಕಾ ಜೋಕಾಲಿಗೆ ಹೊಸ ಹಗ್ಗ ತಂದು ಬೇವಿನ ಮರದ ಕೆಳಗೆ ಇಟ್ಟಿದ್ದಾರೆ. ಪಂಚಮಿಯ ಹಿಂದಿನ ದಿನ ಸಂಜೆಯ ಬಸ್ಸಿಗೇ ಬಾ, ಕಟ್ಟುವಾಗ ಒಬ್ಬರು ಹಿಡಿಯಬೇಕು.

ನಿನ್ನ ಚಿಗವ್ವ