ಎಂಟು ಹೆಜ್ಜೆಯ ಕವಿತೆ: ಗುಣವಾಗುತ್ತಿರುವ ಗೆಳೆಯನಿಗೆ ಏನು ಬರೆಯಬೇಕು?

ಧಾರವಾಡ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನಿನ್ನ ಪತ್ರವೂ ಅದರೊಳಗಿದ್ದ ಕವಿತೆಯೂ ತಲುಪಿದವು. ಗದಗಿನ ನಿನ್ನ ಗೆಳೆಯ ಟೈಫಾಯ್ಡಿನಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾನೆಂದು ಓದಿ ಸಮಾಧಾನವಾಯಿತು. ಅವನಿಗೆ ಕಳಿಸಲು ನೀನು ಬರೆದ ಇಪ್ಪತ್ನಾಲ್ಕು ಸಾಲುಗಳನ್ನು ಮೂರು ಸಲ ಓದಿದೆ. ಪತ್ರದ ಕೊನೆಯಲ್ಲಿ, "ಉತ್ಸಾಹ ತುಂಬಬೇಕೆಂದು ಬರೆದೆ, ಆದರೆ ಓದಿದಾಗ ಯಾಕೋ ಸುಳ್ಳೆನಿಸುತ್ತದೆ" ಎಂದು ನೀನೇ ಹೇಳಿಕೊಂಡಿದ್ದೀಯ. ನಿನ್ನ ಕಿವಿ ಸರಿಯಾಗಿಯೇ ಕೇಳಿದೆ. ಸುಳ್ಳು ಎಲ್ಲಿ ಸೇರಿಕೊಂಡಿತು ಎಂಬುದನ್ನು ನಾವಿಬ್ಬರೂ ಕೂಡಿ ಹುಡುಕೋಣ.

ನಿನ್ನ ಕವಿತೆಯ ಪಲ್ಲವಿ ಹೀಗಿದೆ:

ಸಿಂಹದಂತೆ ಎದ್ದು ಬಾ,
ರೋಗವನ್ನು ಗೆದ್ದು ಬಾ,
ನಾಳೆ ನಿನ್ನದೆಲ್ಲವೂ,
ನೋವನೆಲ್ಲ ಮರೆತು ಬಾ.

ಛಂದಸ್ಸಿನಲ್ಲಿ ಒಂದು ತಪ್ಪೂ ಇಲ್ಲ. ಮೂರು ಮಾತ್ರೆಯ ಮೂರು ಗಣ, ಕೊನೆಗೊಂದು ಗುರು. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಡೆಸಲು ಹೇಳಿ ಮಾಡಿಸಿದಂತಹ ನಡೆ. ಆದರೆ ನಾಲ್ಕು ಸಾಲಿನಲ್ಲಿ ಮೂರು ಸಲ "ಬಾ" ಎಂದು ಕರೆಯುತ್ತಿರುವುದು, ನಿನ್ನ ಪತ್ರದ ಪ್ರಕಾರವೇ, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬರುವಷ್ಟರಲ್ಲಿ ಏದುಸಿರು ಬಿಡುವ ಹುಡುಗನನ್ನು. ಅವನಿಂದ ಆಗದ ಕೆಲಸಗಳ ಪಟ್ಟಿಯನ್ನೇ ನೀನು ಅವನ ಕೈಗೆ ಕೊಟ್ಟಂತಾಗಿದೆ. ಮಲಗಿದವನನ್ನು ನೋಡಲು ಬಂದವರು "ಏನೂ ಆಗಿಲ್ಲ ಬಿಡೋ, ನಾಕ್ ದಿನದಾಗ ಎದ್ದು ಕುಂದರ್ತಿ" ಎಂದು ಹೇಳಿ ಚಹಾ ಕುಡಿದು ಹೋಗುತ್ತಾರಲ್ಲ, ಅದೇ ಮಾತು ಇಲ್ಲಿ ಪ್ರಾಸ ಹೊಂದಿಸಿಕೊಂಡು ಬಂದಿದೆ. ಅಂಥವರು ಎದ್ದುಹೋದ ಮೇಲೆ, ಏನೋ ಆಗಿದೆ ಎಂಬುದನ್ನು ಒಬ್ಬನೇ ಇಟ್ಟುಕೊಳ್ಳಬೇಕಾದವನು ರೋಗಿ.

"ಗೆದ್ದು ಬಾ" ಎಂಬುದರಲ್ಲಿ ಇನ್ನೊಂದು ಅಪಾಯವಿದೆ. ಟೈಫಾಯ್ಡ್ ಬಿಟ್ಟಂತೆ ಕಂಡು, ಎರಡು ಮೂರು ವಾರಗಳ ಮೇಲೆ ಕೆಲವರಿಗೆ ಮರಳಿ ಬರುವುದುಂಟು. ಹಾಗೇನಾದರೂ ಆದರೆ, ಗೆಲ್ಲಲು ಹೇಳಿದ ಕವಿತೆ ತಲೆದಿಂಬಿನ ಪಕ್ಕದಲ್ಲಿ ಬಿದ್ದುಕೊಂಡು ಅವನನ್ನು ಸೋತವನೆಂದು ಕರೆಯುತ್ತದೆ. ಆದ್ದರಿಂದ ಕಾಯಿಲೆ ಯುದ್ಧವಾಗುವ ರೂಪಕವನ್ನೂ, "ನಾಳೆ" ಎಂಬ ಪದವನ್ನೂ ಈ ಕವಿತೆಯಿಂದ ತೆಗೆದುಬಿಡು. ನಾಳೆಯ ಬಗ್ಗೆ ಡಾಕ್ಟರರೇ ಅಳೆದು ಮಾತಾಡುವಾಗ ನಾವು ಮಾತು ಕೊಡಬಾರದು.

ಇದನ್ನು ನಾನು ಕಲಿತದ್ದು ಒಬ್ಬ ಗೆಳತಿಯನ್ನು ನೋಯಿಸಿ. ಬಹಳ ವರ್ಷಗಳ ಹಿಂದೆ ಅವಳಿಗೆ ಕಾಮಣಿಯಾಗಿ ಒಂದೂವರೆ ತಿಂಗಳು ಮಲಗಿದ್ದಳು. ನಾನು ಅಕ್ಕರೆಯಿಂದಲೇ ಒಂದು ಪದ್ಯ ಬರೆದೆ. ಅದರಲ್ಲಿ "ನಿನ್ನ ಮೊಗದಲಿ ಹೊಂಬೆಳಕು ಮೂಡಲಿ" ಎಂಬ ಸಾಲಿತ್ತು. ದಿನಾ ಬೆಳಿಗ್ಗೆ ಕನ್ನಡಿಯೆದುರು ಕೆಳರೆಪ್ಪೆಯನ್ನು ಜಗ್ಗಿ, ಕಣ್ಣಿನ ಹಳದಿ ಎಷ್ಟು ಇಳಿದಿದೆಯೆಂದು ನೋಡಿಕೊಳ್ಳುತ್ತಿದ್ದವಳಿಗೆ ನಾನು ಹೊನ್ನಿನ ಬಣ್ಣವನ್ನು ಹಾರೈಸಿದ್ದೆ. ಅವಳು ಆ ಹಾಳೆಯನ್ನು ಮಡಿಚಿ ಔಷಧದ ಬಾಟಲಿಯ ಕೆಳಗಿಟ್ಟಳು, ಏನೂ ಅನ್ನಲಿಲ್ಲ. ಆ ಸಾಲು ಯಾರ ಮುಖಕ್ಕೂ ಹೊಂದುವಂಥದ್ದಾಗಿತ್ತು. ಅವಳ ಮುಖವನ್ನು ನೋಡದೆ ಬರೆದಿದ್ದರಿಂದಲೇ ಅದು ಅಷ್ಟು ಸುಲಭವಾಗಿ ಹೊಳೆದಿತ್ತು.

ಹಾಗಾದರೆ ಸಂತೋಷವನ್ನು ಎಲ್ಲಿಂದ ತರುವುದು? ಅದು ನಿನ್ನ ಪತ್ರದಲ್ಲಿಯೇ ಇದೆ, ಕವಿತೆಯಲ್ಲಿ ಮಾತ್ರ ಇಲ್ಲ. ಪತ್ರದಲ್ಲಿ ನೀನು ಬರೆದಿದ್ದೀಯ: ಮೊನ್ನೆ ಐದು ಹೆಜ್ಜೆ ನಡೆದವನು ನಿನ್ನೆ ಎಂಟು ಹೆಜ್ಜೆ ನಡೆದನೆಂದು ಅವನ ಅವ್ವ ಫೋನಿನಲ್ಲಿ ಹೇಳಿದರು, ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಬೇಕಾಯಿತೆಂದು ಅವನೇ ನಕ್ಕ, ಗಿರ್ಮಿಟ್ ಕೇಳಿದ್ದಕ್ಕೆ ಗಂಜಿ ಕೊಟ್ಟರೆಂದು ಮುನಿಸಿಕೊಂಡ. ಈ ಮೂರೂ ನಿಜವಾಗಿಯೂ ಖುಷಿಯ ಸುದ್ದಿಗಳು, ಮತ್ತು ಮೂರರಲ್ಲಿಯೂ ಕಾಯಿಲೆ ಇನ್ನೂ ಮನೆಯೊಳಗೇ ಇದೆ. ಅದನ್ನು ಹೊರಗೆ ಹಾಕದೆ, ಅದರ ಪಕ್ಕದಲ್ಲಿಯೇ ನಡೆದ ಸಣ್ಣ ಬದಲಾವಣೆಯನ್ನು ಎಣಿಸಿ ಹೇಳಿದರೆ ಓದುವವನು ನಂಬುತ್ತಾನೆ. ನಂಬಿದ ಮೇಲೆಯೇ ಅವನಿಗೆ ನಗು ಬರುತ್ತದೆ.

ಇನ್ನು ನಡೆಯ ವಿಚಾರ. ಮೂರು ಮಾತ್ರೆಯ ಕುಣಿತ ಬೇಡ, ನಾಲ್ಕು ಮಾತ್ರೆಯ ಸಮನಡಿಗೆಯನ್ನು ತೆಗೆದುಕೊಳ್ಳೋಣ. ಬೆಸ ಸಾಲಿನಲ್ಲಿ ನಾಲ್ಕು ಗಣ ತುಂಬಿಸಿ, ಸಮ ಸಾಲಿನಲ್ಲಿ ಎರಡು ಗಣವಾದ ಮೇಲೆ ಮೂರೇ ಮಾತ್ರೆಯ ಪದವಿಟ್ಟು ನಿಲ್ಲಿಸಿದರೆ, ಉಳಿದಷ್ಟು ಹೊತ್ತು ಓದುವವನು ಉಸಿರು ತೆಗೆದುಕೊಳ್ಳುತ್ತಾನೆ. ಗೋಡೆ ಹಿಡಿದು ನಡೆಯುವವನು ನಡುನಡುವೆ ನಿಲ್ಲುವ ಹಾಗೆ ಸಾಲೂ ನಿಲ್ಲಲಿ. ನಿನ್ನ ಸಾಮಗ್ರಿಯಿಂದಲೇ ಹೆಣೆದು ನೋಡಿದ್ದೇನೆ:

ಗೋಡೆಯ ಹಿಡಿಯುತ ಬಾಗಿಲವರೆಗೂ
ಎಂಟೇ ಹೆಜ್ಜೆಯ ನಡಿಗೆ.
ಮೊನ್ನೆಯೊ ಐದೇ ಇದ್ದವು, ಗೆಳೆಯಾ,
ಅವ್ವನ ಬಳಿಯಿದೆ ಎಣಿಕೆ.

ಬೆಲ್ಟಿಗೆ ಹೊಸ ತೂತೆರಡಾಯ್ತೆನ್ನುವೆ,
ಮುಚ್ಚದೆ ಹಾಗೇ ಇರಲಿ.
ಹಳೆಯದು ಪಕ್ಕದೆ ಸುಮ್ಮನೆ ಕುಳಿತಿದೆ,
ಅವಸರ ಅದಕೂ ಇಲ್ಲ.

ಗಿರ್ಮಿಟ್ ಕೇಳಿದೆ, ಗಂಜಿಯೆ ಬಂದಿತು,
ಕೇಳಿದ ಸುದ್ದಿಯೆ ಸಾಕು.
ಮೆಣಸಿನಕಾಯಿಗೆ ತಿಂಗಳ ತಡೆಯಿದೆ,
ಖಾರವು ಕಾಯಲೆಬೇಕು.

ಶನಿವಾರಕೆ ನಾ ಬರುವೆನು ಗದಗಿಗೆ,
ಮಾತಿರದಿದ್ದರು ಸರಿಯೆ.
ನಿದ್ದೆಯು ಬಂದರೆ ಮಲಗಿಕೊ, ನಾನೋ
ಪೇಪರು ಓದುತಲಿರುವೆ.

ಮೊದಲ ಪದ್ಯದ "ಎಂಟೇ" ಎಂಬ ಪದದ ಮೇಲೆ ನಾನು ಬಹಳ ಹೊತ್ತು ಕುಳಿತೆ. "ಎಂಟೂ" ಎಂದಿದ್ದರೆ ಬೆನ್ನು ತಟ್ಟಿದಂತಾಗುತ್ತಿತ್ತು, ಸಣ್ಣ ಮಗುವಿಗೆ ಹೇಳುವ ಧ್ವನಿ ಬರುತ್ತಿತ್ತು. "ಎಂಟೇ" ಎಂದಾಗ ಅದು ಕಡಿಮೆಯೆಂಬುದನ್ನು ಮೊದಲು ಒಪ್ಪಿಕೊಂಡಂತಾಗುತ್ತದೆ. ಮುಂದಿನ ಸಾಲಿನಲ್ಲಿ ಐದು ಬಂದ ಕೂಡಲೇ ಎಂಟು ತನ್ನಷ್ಟಕ್ಕೆ ತಾನೇ ದೊಡ್ಡದಾಗುತ್ತದೆ. ಶಭಾಸ್ ಎನ್ನುವ ಕೆಲಸವನ್ನು ಲೆಕ್ಕವೇ ಮಾಡಿತು, ನಾವು ಮಾಡಬೇಕಾಗಿ ಬರಲಿಲ್ಲ. ಎಣಿಕೆಯನ್ನು ಅವ್ವನ ಬಳಿ ಇಟ್ಟಿದ್ದಕ್ಕೂ ಕಾರಣವಿದೆ. ಈ ಹಾಳೆಯನ್ನು ಬಹುಶಃ ಅವರೇ ಅವನಿಗೆ ಓದಿ ಹೇಳುತ್ತಾರೆ, ಆಗ ತಮ್ಮ ಹೆಸರಿನ ಸಾಲು ಬಂದಲ್ಲಿ ಒಂದು ಕ್ಷಣ ತಡೆಯುತ್ತಾರೆ. ಇಷ್ಟು ದಿನ ನಿದ್ದೆಗೆಟ್ಟವರಿಗೂ ಈ ಕವಿತೆಯಲ್ಲಿ ಒಂದು ಮಣೆ ಹಾಕಿದಂತಾಗುತ್ತದೆ.

ಬೆಲ್ಟಿನ ನಗು ಅವನದು. ಅವನು ನಕ್ಕಿರದಿದ್ದರೆ ಅವನ ಸೊರಗಿದ ಸೊಂಟದ ಬಗ್ಗೆ ಒಂದಕ್ಷರ ಬರೆಯುವ ಹಕ್ಕೂ ನಮಗಿರುತ್ತಿರಲಿಲ್ಲ. ರೋಗಿ ತನ್ನ ಮೈಯ ಬಗ್ಗೆ ತಾನೇ ಆಡಿದ ಹಾಸ್ಯವನ್ನು ಎತ್ತಿಕೊಳ್ಳಬಹುದು, ಅದೂ ಅವನು ನಿಲ್ಲಿಸಿದಲ್ಲಿಗೇ ನಿಲ್ಲಿಸಬೇಕು. ಅದಕ್ಕಾಗಿಯೇ "ಬೇಗ ದಪ್ಪಗಾಗು" ಎನ್ನದೆ, ಹಳೆಯ ತೂತಿಗೂ ಅವಸರವಿಲ್ಲ ಎಂದಷ್ಟೇ ಹೇಳಿದ್ದೇನೆ. ಇಂಥ ಜ್ವರದ ನಂತರ ಎರಡು ಮೂರು ತಿಂಗಳಿಗೆ ಕೆಲವರ ಕೂದಲು ಉದುರುವುದನ್ನು ನೀನು ಕೇಳಿರಬಹುದು. ಆ ಮಾತನ್ನು ಅವನು ಎತ್ತಿಲ್ಲ, ನಾವೂ ಎತ್ತುವುದು ಬೇಡ.

ಮೂರನೆಯ ಪದ್ಯವನ್ನು ಹಾಕುವ ಮುಂಚೆ ನೀನು ಒಂದು ವಿಷಯ ತಿಳಿದುಕೊಳ್ಳಬೇಕು. ಟೈಫಾಯ್ಡ್ ಹರಡುವುದು ಕೆಟ್ಟ ನೀರು, ಕೆಟ್ಟ ತಿಂಡಿಯ ಮೂಲಕ. "ಹೊರಗ ತಿಂದೇ ಹಿಂಗಾತು" ಎಂದು ಮನೆಯಲ್ಲಿ ಯಾರಾದರೂ ಅವನನ್ನು ದಿನಾ ಬಯ್ಯುತ್ತಿದ್ದರೆ, ಗಿರ್ಮಿಟ್ಟಿನ ಹೆಸರು ತೆಗೆದೊಡನೆ ಅವನಿಗೆ ಆ ಬೈಗುಳವೇ ಕೇಳಿಸುತ್ತದೆ; ಆಗ ಪದ್ಯವನ್ನು ಪೂರ್ತಿ ಬಿಟ್ಟುಬಿಡು, ಮೂರೇ ಪದ್ಯದ ಕವಿತೆ ಚೆನ್ನಾಗಿಯೇ ನಿಲ್ಲುತ್ತದೆ. ಅಂಥದ್ದೇನೂ ಇಲ್ಲವಾದರೆ ಇದನ್ನು ಖಂಡಿತ ಇಡು. ಬಾಯಿಗೆ ನೀರೂ ರುಚಿಸದ ದಿನಗಳನ್ನು ಕಳೆದವನು ಖಾರ ಮಂಡಕ್ಕಿಯನ್ನು ಬಾಯಿಬಿಟ್ಟು ಕೇಳಿದನೆಂದರೆ ಹಸಿವು ಮನೆಗೆ ಮರಳಿತು ಎಂದೇ ಅರ್ಥ, ಮತ್ತು ಅದನ್ನು ಬ್ಯಾಡಗಿಯ ಮೆಣಸಿನಕಾಯಿಯ ಸೀಮೆಯವರಾದ ನಿಮಗಿಂತ ಹೆಚ್ಚು ತಿಳಿದವರು ಯಾರು? ತಿಂಗಳು ಖಾರ ಬೇಡವೆಂದು ಡಾಕ್ಟರರು ಹೇಳಿದ್ದಾರೆಂದು ನೀನು ಬರೆದದ್ದನ್ನೇ ಇಲ್ಲಿ ಇಟ್ಟಿದ್ದೇನೆ. ಕಾಯುವ ಕೆಲಸವನ್ನು ಮಾತ್ರ ಅವನಿಂದ ತೆಗೆದು ಖಾರಕ್ಕೆ ಒಪ್ಪಿಸಿದ್ದೇನೆ.

ಕೊನೆಯ ಪದ್ಯದಲ್ಲಿ ಹಾರೈಕೆಯೇ ಇಲ್ಲವೆಂದು ನಿನಗೆ ಅನಿಸಬಹುದು. ಅಲ್ಲಿರುವುದು ನಿನ್ನ ಕೈಯಲ್ಲಿರುವ ಒಂದೇ ಸಂಗತಿ, ನೀನು ಹೋಗಿ ಕೂಡುವುದು. ಗುಣವಾಗುತ್ತಿರುವವನಿಗೆ ಬಂದವರೊಡನೆ ಮಾತಾಡುವುದೂ ಒಂದು ದಣಿವು, ನಗುಮುಖ ಮಾಡುವುದು ಇನ್ನೂ ದೊಡ್ಡ ದಣಿವು. ನಾನು ಬಂದಾಗ ನೀನು ಮಲಗಿಬಿಡಬಹುದು ಎಂದು ಮೊದಲೇ ಬರೆದುಕೊಟ್ಟರೆ ಅವನು ನಿನ್ನ ದಾರಿಯನ್ನು ಹಗುರವಾಗಿ ಕಾಯುತ್ತಾನೆ. ಆದರೆ ಶನಿವಾರ ಹೋಗಲಾಗದಿದ್ದರೆ ಈ ಸಾಲನ್ನು ಬರೆಯಬೇಡ. ಇಡೀ ಕವಿತೆಯಲ್ಲಿ ಮುಂದಿನ ದಿನದ ಬಗ್ಗೆ ಕೊಟ್ಟ ಮಾತು ಇದೊಂದೇ, ಅದನ್ನು ಉಳಿಸಿಕೊಳ್ಳಬೇಕಾದವನು ನೀನು.

ಕಳಿಸುವ ಮುಂಚೆ ಸಂಜೆಯ ಹೊತ್ತು ಒಮ್ಮೆ ಗಟ್ಟಿಯಾಗಿ ಓದಿ ನೋಡು. ಜ್ವರದವರಿಗೆ ಮೈ ಬಿಸಿಯೇರುವ, ಮನಸ್ಸು ಕುಗ್ಗುವ ಹೊತ್ತು ಅದು. ಬೆಳಗಿನ ಚಹಾದ ಜೊತೆ ಚೆಂದ ಕಂಡ ಎಷ್ಟೋ ಸಾಲುಗಳು ಆಗ ಬಾಯಲ್ಲಿ ನಿಲ್ಲುವುದಿಲ್ಲ. ಹಾಗೆ ನಿಲ್ಲದ ಸಾಲನ್ನು ಹೊಡೆದುಹಾಕು. ಫೋನಿನಲ್ಲಿ ಕಳಿಸದೆ ದೊಡ್ಡ ಅಕ್ಷರದಲ್ಲಿ ಕೈಯಲ್ಲಿ ಬರೆ, ಮಲಗಿಕೊಂಡೇ ಓದುವಂತಿರಲಿ.

ಬರೆಯುವ ದಿನ ಅವನ ಅವ್ವನಿಗೆ ಫೋನ್ ಮಾಡಿ ಇವತ್ತು ಎಷ್ಟು ಹೆಜ್ಜೆಯಾಯಿತೆಂದು ಕೇಳು. ಹತ್ತು ಎಂದರೆ "ಹತ್ತೇ ಹೆಜ್ಜೆಯ ನಡಿಗೆ" ಎಂದು ತಿದ್ದಿಕೋ, ಮಾತ್ರೆ ಕೆಡುವುದಿಲ್ಲ. ನಾಲ್ಕಕ್ಕೆ ಇಳಿದಿದ್ದರೆ "ನಾಕೇ" ಎಂಬುದೂ ಛಂದಸ್ಸಿಗೆ ಹೊಂದುತ್ತದೆ, ಆದರೆ ಹೊಂದಿತೆಂದು ಅದನ್ನು ಬರೆಯಬೇಡ, ಎಂಟನ್ನೂ ಉಳಿಸಬೇಡ. ಆ ಪದ್ಯವನ್ನು ಬದಿಗಿಟ್ಟು ಬೆಲ್ಟಿನಿಂದಲೇ ಶುರುಮಾಡು, ಶನಿವಾರದ ಬದಲು ಮರುದಿನವೇ ಹೊರಡುವುದಾದರೆ ಆ ಸಾಲನ್ನೂ ತಿದ್ದಬೇಕಾಗುತ್ತದೆ. ತಿದ್ದಿದ್ದನ್ನು ನನಗೆ ತೋರಿಸಲೆಂದು ಕಾಯಬೇಡ, ಬಸ್ಸು ಹತ್ತು.

ನಿನ್ನ ಅಕ್ಕ