ಮೊದಲು ತಡೆದ ವೈದ್ಯರಿಗೆ, ಆಮೇಲೆ ರಕ್ತ ಕೊಟ್ಟ ನಮ್ಮವರಿಗೆ

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳಿಗೆ ಮಾಡಿಸಿದ ಪರೀಕ್ಷೆಯ ವರದಿ ಬಂದಿದ್ದು, ನನ್ನ ರಕ್ತದಲ್ಲಿ ಆ ಗೆಡ್ಡೆಯ ಗುರುತಾದ ಕ್ಯಾಲ್ಸಿಟೋನಿನ್ ಯಂತ್ರಕ್ಕೆ ಸಿಗದಷ್ಟು ಕಡಿಮೆಯಾಗಿದೆ. ಮೊದಲ ವರದಿಯಲ್ಲಿ ಅದು ಮಿಲಿಲೀಟರಿಗೆ 380 ಪಿಕೋಗ್ರಾಂ ಇತ್ತು; ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 10ಕ್ಕಿಂತ ಕೆಳಗಿರುತ್ತದೆ. ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಬಂಧುಗಳೂ ಸ್ನೇಹಿತರೂ ದಿನವೂ ವಿಚಾರಿಸುತ್ತಿರುವುದರಿಂದ, ಎಲ್ಲರಿಗೂ ಒಟ್ಟಿಗೆ ಕೃತಜ್ಞತೆ ಹೇಳುವುದರ ಜೊತೆಗೆ, ಯಾರಿಗೆ ಯಾವ ಕಾರಣಕ್ಕಾಗಿ ಋಣಿಯಾಗಿದ್ದೇನೆ ಎಂಬುದನ್ನೂ ಬರೆದಿಡುತ್ತಿದ್ದೇನೆ.

ನನಗಿದ್ದದ್ದು ಥೈರಾಯ್ಡ್ ಕ್ಯಾನ್ಸರ್ ಎಂದು ಕೇಳಿದವರೆಲ್ಲ, ಅದು ಸುಲಭವಾಗಿ ಗುಣವಾಗುವ ಕಾಯಿಲೆಯೆಂದೂ ಅಯೋಡಿನ್ ಕುಡಿಸಿದರೆ ಆಯಿತೆಂದೂ ಸಮಾಧಾನ ಹೇಳಿದ್ದರು. ಹೆಚ್ಚಿನ ಥೈರಾಯ್ಡ್ ಕ್ಯಾನ್ಸರುಗಳ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಆದರೆ ನನ್ನದು ಮೆಡುಲ್ಲರಿ ಎಂಬ ಬಗೆಯದು. ಥೈರಾಯ್ಡ್ ಹಾರ್ಮೋನನ್ನು ತಯಾರಿಸುವ ಕೋಶಗಳ ನಡುವೆ ಅಲ್ಲಲ್ಲಿ ಇರುವ ಸಿ ಕೋಶಗಳಲ್ಲಿ ಇದು ಹುಟ್ಟುತ್ತದೆ. ಈ ಕೋಶಗಳು ಅಯೋಡಿನನ್ನು ಹೀರುವುದಿಲ್ಲವಾದ್ದರಿಂದ ವಿಕಿರಣಶೀಲ ಅಯೋಡಿನ್ ಇಲ್ಲಿ ನಿಷ್ಪ್ರಯೋಜಕ. ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಅವು ಸ್ರವಿಸುವುದು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು. ಅದು ಎಷ್ಟು ಏರಿದರೂ ರಕ್ತದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಮೊದಲಿದ್ದಂತೆಯೇ ಇರುತ್ತದೆ, ಆದರೆ ಗೆಡ್ಡೆ ಎಷ್ಟಿದೆ, ಉಳಿದಿದೆಯೋ ಇಲ್ಲವೋ ಎಂಬುದನ್ನು ಅದರಷ್ಟು ನಂಬಿಕೆಯಿಂದ ಹೇಳುವ ಗುರುತು ಬೇರೆ ಕ್ಯಾನ್ಸರುಗಳಲ್ಲಿ ಅಪರೂಪ.

ಈ ರೋಗ ಪತ್ತೆಯಾದದ್ದಕ್ಕೆ ನಾನು ಮೊದಲು ನೆನೆಯಬೇಕಾದವರು ಸೂಜಿ ಪರೀಕ್ಷೆಯ ಸ್ಲೈಡುಗಳನ್ನು ನೋಡಿದ ರೋಗಶಾಸ್ತ್ರಜ್ಞೆ. ಮೆಡುಲ್ಲರಿ ಕೋಶಗಳು ನಾನಾ ವೇಷದಲ್ಲಿ ಕಾಣಿಸಿಕೊಳ್ಳುವುದರಿಂದ ಸ್ಲೈಡಿನಲ್ಲಿ ಬೇರೆ ಬಗೆಯ ಗೆಡ್ಡೆಯೆಂದು ತೋರುವುದುಂಟು. ಅವರು ಖಚಿತವಾಗದ್ದನ್ನು ಖಚಿತವೆಂದು ಬರೆಯದೆ, ಸೂಜಿಯನ್ನು ತೊಳೆದ ದ್ರವದಲ್ಲಿಯೂ ಕ್ಯಾಲ್ಸಿಟೋನಿನ್ ಅಳೆಯಬೇಕೆಂದು ಹೇಳಿ ಕಳಿಸಿದರು. ರಕ್ತದ ಮಾದರಿಯನ್ನು ಮಡಿಕೇರಿಯಲ್ಲಿ ತೆಗೆದ ಲ್ಯಾಬಿನ ಹುಡುಗನ ಶಿಸ್ತನ್ನೂ ಇಲ್ಲಿ ಹೇಳಬೇಕು. ಈ ಹಾರ್ಮೋನು ಕೋಣೆಯ ಉಷ್ಣತೆಯಲ್ಲಿ ಬೇಗನೆ ಒಡೆದುಹೋಗುವುದರಿಂದ ಅವನು ಟ್ಯೂಬನ್ನು ತಕ್ಷಣವೇ ಮಂಜುಗಡ್ಡೆಯಲ್ಲಿ ಇಟ್ಟು, ಸೀರಮ್ಮನ್ನು ಬೇರ್ಪಡಿಸಿ ಹೆಪ್ಪುಗಟ್ಟಿಸಿದ ಮೇಲೆಯೇ ಹೊರಗೆ ಕಳಿಸಿದ. ಹಾಗೆ ಮಾಡದಿದ್ದರೆ ಸಂಖ್ಯೆ ಸುಳ್ಳಾಗಿ ತಗ್ಗಿ, ನಾವೆಲ್ಲ ಸುಳ್ಳು ನೆಮ್ಮದಿಯಲ್ಲಿರುತ್ತಿದ್ದೆವು.

ಆದರೆ ನನ್ನ ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದ ಋಣ ಮೈಸೂರಿನ ನನ್ನ ಶಸ್ತ್ರಚಿಕಿತ್ಸಕರದು. ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ ಎಂದು ನಾವು ಒತ್ತಾಯಿಸುತ್ತಿದ್ದಾಗ ಅವರು, "ಮೆಟಾನೆಫ್ರಿನ್ ವರದಿ ಬರದೆ ನಾನು ಚಾಕು ಹಿಡಿಯುವುದಿಲ್ಲ, ಕ್ಷಮಿಸಿ" ಎಂದುಬಿಟ್ಟರು. ಸುಮಾರು ನಾಲ್ಕರಲ್ಲೊಂದು ಮೆಡುಲ್ಲರಿ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬಂದದ್ದಾಗಿರುತ್ತದೆ. ಅಂಥವರಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಫಿಯೊಕ್ರೋಮೊಸೈಟೋಮ ಎಂಬ ಗೆಡ್ಡೆ ಅಡಗಿರಬಹುದು. ಅದು ಅಡ್ರಿನಲಿನ್ ಜಾತಿಯ ಹಾರ್ಮೋನುಗಳನ್ನು ತುಂಬಿಕೊಂಡಿರುತ್ತದೆ; ಅವು ಒಡೆದಾಗ ಉಂಟಾಗುವುದೇ ಮೆಟಾನೆಫ್ರಿನ್. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಚಿಮ್ಮಿ, ರೋಗಿ ಮೇಜಿನ ಮೇಲೆಯೇ ಸಾಯಬಹುದು. ತೋಟದ ಏರು ಹತ್ತುವಾಗಿನ ಎದೆಬಡಿತ, ತಲೆನೋವು, ಮಡಿಕೇರಿಯ ಚಳಿಯಲ್ಲೂ ಬರುತ್ತಿದ್ದ ಬೆವರು, ಇವುಗಳನ್ನು ಅವರು ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದರು.

ವರದಿಯಲ್ಲಿ ಮೆಟಾನೆಫ್ರಿನ್ ಮೇಲ್ಮಿತಿಯ ನಾಲ್ಕು ಪಟ್ಟು ಮೀರಿತ್ತು, ಸಿಟಿ ಸ್ಕ್ಯಾನಿನಲ್ಲಿ ಎಡಗಡೆಯ ಅಡ್ರಿನಲ್‌ನಲ್ಲಿ ಮೂರು ಸೆಂಟಿಮೀಟರಿನ ಗೆಡ್ಡೆ ಕಂಡಿತು. ಹೀಗಾಗಿ ಚಿಕಿತ್ಸೆಯ ಕ್ರಮವೇ ತಿರುಗಿತು: ಮೊದಲು ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ತಡೆ ಮಾತ್ರೆಗಳು, ಜೊತೆಗೆ ಉಪ್ಪು ಮತ್ತು ನೀರು ಧಾರಾಳವಾಗಿ, ಆ ಮಾತ್ರೆ ನೆಲೆಗೊಂಡ ಮೇಲಷ್ಟೇ ಹೃದಯದ ಓಟವನ್ನು ತಗ್ಗಿಸುವ ಬೀಟಾ ತಡೆ ಮಾತ್ರೆ. ಈ ಕೊನೆಯದನ್ನು ಮುಂದೆ ತಂದರೆ ರಕ್ತದೊತ್ತಡ ಇನ್ನೂ ಏರುವ ಅಪಾಯವಿದೆ. ನಂತರ ಅಡ್ರಿನಲ್ ತೆಗೆದರು, ಕೆಲವು ವಾರ ಬಿಟ್ಟು ಪೂರ್ತಿ ಥೈರಾಯ್ಡನ್ನೂ ಅದರ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಬಲಭಾಗದಲ್ಲಿ ಮುಖ್ಯ ಗೆಡ್ಡೆ, ಎಡಭಾಗದಲ್ಲಿ ಸಣ್ಣದೊಂದು, ಉಳಿದೆಡೆ ಸಿ ಕೋಶಗಳ ಅತಿಯಾದ ವೃದ್ಧಿ: ಇದು ವಂಶದಿಂದ ಬಂದದ್ದೇ ಎಂಬುದಕ್ಕೆ ಆ ಹರಡುವಿಕೆಯೇ ಅರ್ಧ ಸಾಕ್ಷಿಯಾಗಿತ್ತು.

ಉಳಿದರ್ಧ ರಕ್ತದ ಜೀನ್ ಪರೀಕ್ಷೆಯಿಂದ ಬಂತು. ಹತ್ತನೇ ಕ್ರೋಮೋಸೋಮಿನಲ್ಲಿರುವ ರೆಟ್ ಎಂಬ ಜೀನಿನ 634ನೇ ಕೋಡಾನ್ ಎಂಬ ಸ್ಥಾನದಲ್ಲಿ ಬದಲಾವಣೆಯಿತ್ತು. ಇದನ್ನು ಎಂಇಎನ್ 2ಎ ಎನ್ನುತ್ತಾರೆ: ಮೆಡುಲ್ಲರಿ ಕ್ಯಾನ್ಸರ್, ಅಡ್ರಿನಲ್ ಗೆಡ್ಡೆ, ಕೆಲವರಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಮೂರೂ ಒಂದೇ ಬೇರಿನವು. ತಂದೆ ಅಥವಾ ತಾಯಿಯಲ್ಲಿ ಈ ಬದಲಾವಣೆ ಇದ್ದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಇಲ್ಲಿಂದಾಚೆಗೆ ನನ್ನ ಕೃತಜ್ಞತೆ ಒಕ್ಕದವರಿಗೆ, ಎಂದರೆ ನಮ್ಮ ಕುಲದವರಿಗೆ. ನಮ್ಮ ವಂಶಾವಳಿಯಲ್ಲಿ ಗಂಡುಮಕ್ಕಳ ಸಾಲು ಒಕ್ಕದ ಹಿರಿಯರಾದ ಪಟ್ಟೆದಾರರ ಬಳಿ ತಲೆಮಾರುಗಳ ಹಿಂದಿನವರೆಗೆ ಸಿಗುತ್ತದೆ. ಮದುವೆಯಾಗಿ ಬೇರೆ ಒಕ್ಕಗಳಿಗೆ ಹೋದ ಹೆಣ್ಣುಮಕ್ಕಳ ಸಂತತಿ ಅದರಲ್ಲಿ ಕಾಣುವುದಿಲ್ಲ. ಜೀನಿಗೆ ಒಕ್ಕದ ಗಡಿ ತಿಳಿಯದು. ಆ ತುಂಡಾದ ಕೊಂಡಿಗಳನ್ನು ಜೋಡಿಸಿಕೊಟ್ಟವರು ನನ್ನ ಸೋದರತ್ತೆ. ತಮ್ಮ ಅಕ್ಕನಿಗೆ ಕುತ್ತಿಗೆಯಲ್ಲಿ ಗಂಟಿದ್ದುದನ್ನೂ ಹೆರಿಗೆಯ ವೇಳೆ ರಕ್ತದೊತ್ತಡ ಏರಿ ತೀರಿಕೊಂಡದ್ದನ್ನೂ ನೆನಪಿಸಿಕೊಂಡು ಹೇಳಿದರು. ಅದು ಇದೇ ರೋಗವೆಂದು ಈಗ ಸಾಧಿಸಲಾಗದು, ಆದರೆ ಆ ಅಕ್ಕನ ಮಕ್ಕಳು ಮೊಮ್ಮಕ್ಕಳನ್ನು ಹುಡುಕಲು ಅಷ್ಟು ಸಾಕಾಯಿತು.

ನನ್ನ ತಮ್ಮನಲ್ಲಿಯೂ ನನ್ನ ಮಗಳಲ್ಲಿಯೂ ಬದಲಾವಣೆ ಇಲ್ಲ. ಅಕ್ಕನಲ್ಲಿ ಇದೆ, ಅವಳ ಏಳು ವರ್ಷದ ಮೊಮ್ಮಗನಲ್ಲಿಯೂ ಇದೆ. 634ರ ಬದಲಾವಣೆಯುಳ್ಳ ಮಗುವಿಗೆ ಐದು ವರ್ಷದೊಳಗೇ ಥೈರಾಯ್ಡ್ ತೆಗೆಯುವುದು ಒಳ್ಳೆಯದೆಂಬ ಸಲಹೆಯಿರುವುದರಿಂದ ಅವನಿಗೆ ತಡಮಾಡಲಿಲ್ಲ. ತೆಗೆದ ಗ್ರಂಥಿಯಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕದಾದ ಕ್ಯಾನ್ಸರಿನ ಚುಕ್ಕೆಯೊಂದು ಆಗಲೇ ಇತ್ತು, ದುಗ್ಧಗ್ರಂಥಿಗಳಿಗೆ ಹೋಗಿರಲಿಲ್ಲ. ಕಾಯಿಲೆಯ ಲಕ್ಷಣವೇ ಇಲ್ಲದ ಮಗುವನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸಿದ ಆ ತಾಯಿಗೆ, ಎಂದರೆ ನನ್ನ ಅಕ್ಕನ ಮಗಳಿಗೆ, ನಾನು ಏನು ಹೇಳಿದರೂ ಕಡಿಮೆಯೇ. ಅವನೂ ನಾನೂ ಈಗ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಥೈರಾಕ್ಸಿನ್ ನುಂಗುತ್ತೇವೆ. ಕಾಫಿ ಅದರ ಹೀರಿಕೆಯನ್ನು ತಗ್ಗಿಸುವುದರಿಂದ ಒಂದು ಗಂಟೆ ಕಾಯಬೇಕು. ಕಾಫಿ ಬೆಳೆಯುವ ಮನೆಯಲ್ಲಿ ಅವನಿಗಿಂತ ನನಗೇ ಅದು ದೊಡ್ಡ ಶಿಕ್ಷೆ.

ತೀರಿಕೊಂಡ ಆ ದೊಡ್ಡತ್ತೆಯ ಕಡೆಯ ಕೆಲವರು ಇನ್ನೂ ಸಿಕ್ಕಿಲ್ಲ. ಅವರು ಇದನ್ನು ಓದಿದರೆ, ದಯವಿಟ್ಟು ನನ್ನ ಜೀನ್ ವರದಿಯ ಪ್ರತಿಯನ್ನು ನನ್ನ ತಮ್ಮನಿಂದ ಪಡೆದುಕೊಳ್ಳಿ. ಆ ಒಂದು ಬದಲಾವಣೆಯನ್ನು ಮಾತ್ರ ನೋಡಬೇಕಾದ್ದರಿಂದ ಪರೀಕ್ಷೆ ಸರಳ. ಮೊದಲು ತಂದೆ ಅಥವಾ ತಾಯಿ ಮಾಡಿಸಿಕೊಳ್ಳಲಿ, ಅವರಲ್ಲಿ ಇಲ್ಲದಿದ್ದರೆ ಈ ವಂಶದ ಕಡೆಯಿಂದ ಅವರ ಮಕ್ಕಳಿಗೆ ಪರೀಕ್ಷೆಯೇ ಬೇಡ. ಇದ್ದರೆ, ಯಾವುದೇ ಶಸ್ತ್ರಚಿಕಿತ್ಸೆಗೂ ಹೆರಿಗೆಗೂ ಮುನ್ನ ಮೆಟಾನೆಫ್ರಿನ್ ಪರೀಕ್ಷೆ ಮಾಡಿಸಿ. ಪುತ್ತರಿ ಹಬ್ಬದ ವೇಳೆಗೆ ನನ್ನ ತಮ್ಮ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಇರುತ್ತಾನೆ.